ದೂರದ ಹಣಕ್ಕೆ ದೊಡ್ಡ ಏರಿಳಿತ

2020ರ ಜೂನ್‌ನಲ್ಲಿ ಆಸ್ಟ್ರಿಯಾ ಸರ್ಕಾರ ನೂರು ವರ್ಷ ಅವಧಿಯ ಬಾಂಡ್ ಹೊರಡಿಸಿ 200 ಕೋಟಿ ಯೂರೋ ಸಾಲ ಎತ್ತಿತು. ಅಸಲು ಕೈಗೆ ಬರುವುದು 2120ರಲ್ಲಿ. ಅಲ್ಲಿಯವರೆಗೆ ವರ್ಷಕ್ಕೆ ಶೇ. 0.85 ಬಡ್ಡಿ. ನೂರು ಯೂರೋ ಕೊಟ್ಟವರಿಗೆ ವರ್ಷಕ್ಕೆ ಒಂದು ಯೂರೋ ಕೂಡ ಸಿಗದ ಈ ಪತ್ರಕ್ಕೆ ಕೊಳ್ಳುವವರು ಮುಗಿಬಿದ್ದರು, ಏಕೆಂದರೆ ಆಗ ಯೂರೋಪಿನಲ್ಲಿ ಬಡ್ಡಿ ಸೊನ್ನೆಗಿಂತಲೂ ಕೆಳಗಿತ್ತು. ಆ ವರ್ಷದ ಕೊನೆಯ ಹೊತ್ತಿಗೆ ಅದರ ಬೆಲೆ 130 ಯೂರೋ ದಾಟಿತ್ತು. ಆಮೇಲೆ ಹಣದುಬ್ಬರ ಬಂತು. ಯೂರೋಪಿನ ಕೇಂದ್ರ ಬ್ಯಾಂಕು 2022ರ ಜುಲೈಯಿಂದ ಬಡ್ಡಿ ಏರಿಸುತ್ತಾ ಹೋಯಿತು. 2023ರ ಶರತ್ಕಾಲದಲ್ಲಿ ಅದೇ ಪತ್ರ ಮುಖಬೆಲೆಯ ಮೂರನೇ ಒಂದು ಭಾಗದ ಆಸುಪಾಸಿಗೆ ಕುಸಿದಿತ್ತು.

ಆಸ್ಟ್ರಿಯಾ ಸರ್ಕಾರ ದಿವಾಳಿಯಾಗಿರಲಿಲ್ಲ. ಒಂದು ಕಂತಿನ ಬಡ್ಡಿಯನ್ನೂ ತಪ್ಪಿಸಿರಲಿಲ್ಲ. ಕೊಟ್ಟ ಮಾತಿನಲ್ಲಿ ಒಂದು ಕಾಸಿನ ವ್ಯತ್ಯಾಸವಿಲ್ಲದಿದ್ದರೂ ಪತ್ರದ ಬೆಲೆಯಲ್ಲಿ ಮೂರನೇ ಎರಡು ಭಾಗ ಕರಗಿಹೋಯಿತು. ‘ಸರ್ಕಾರಿ ಬಾಂಡ್, ಏನೂ ಅಪಾಯವಿಲ್ಲ’ ಎಂದು ನಂಬಿರುವ ಪ್ರತಿಯೊಬ್ಬರೂ ಇದರ ಲೆಕ್ಕ ತಿಳಿದಿರಬೇಕು. ಲೆಕ್ಕವೇನೂ ಕಷ್ಟದ್ದಲ್ಲ.

ನಿಮ್ಮ ಬಳಿ ಒಂದು ಲಕ್ಷ ರೂಪಾಯಿಯ ಬಾಂಡ್ ಇದೆ, ಬಡ್ಡಿ ಶೇ. 7 ಎಂದುಕೊಳ್ಳಿ. ನಮ್ಮ ಸರ್ಕಾರ ಆರು ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತದೆ. ಲೆಕ್ಕ ಸುಲಭವಾಗಲಿ ಎಂದು ವರ್ಷಕ್ಕೊಮ್ಮೆ 7,000 ರೂಪಾಯಿ ಎಂದಿಟ್ಟುಕೊಳ್ಳೋಣ. ನೀವು ಕೊಂಡ ಮರುದಿನವೇ ಮಾರುಕಟ್ಟೆಯಲ್ಲಿ ಬಡ್ಡಿ ಶೇ. 8ಕ್ಕೆ ಏರಿತು. ಈಗ ಹೊಸ ಬಾಂಡ್ ಕೊಳ್ಳುವವರಿಗೆ ವರ್ಷಕ್ಕೆ 8,000 ಸಿಗುತ್ತದೆ. ನಿಮ್ಮದನ್ನು ಕೊಳ್ಳುವವರಿಗೆ ವರ್ಷಕ್ಕೆ ಒಂದು ಸಾವಿರ ಖೋತಾ. ಆ ಖೋತಾ ತುಂಬುವಷ್ಟು ಬೆಲೆ ಇಳಿಸದೆ ಅವರು ನಿಮ್ಮ ಪತ್ರ ಮುಟ್ಟುವುದಿಲ್ಲ.

ಎಷ್ಟು ಇಳಿಸಬೇಕು? ಬಾಂಡ್‌ನ ಅವಧಿ ಇನ್ನು ಒಂದೇ ವರ್ಷ ಉಳಿದಿದ್ದರೆ ಖೋತಾ ಒಂದೇ ಸಾವಿರ, ಅದೂ ಒಂದು ವರ್ಷದ ನಂತರದ್ದು. ಇವತ್ತಿನ ಲೆಕ್ಕದಲ್ಲಿ 926 ರೂಪಾಯಿ ಬಿಟ್ಟುಕೊಟ್ಟರೆ ಸಾಕು. ಹತ್ತು ವರ್ಷ ಉಳಿದಿದ್ದರೆ ಖೋತಾ ಹತ್ತು ಸಲ. ದೂರದ ಸಾವಿರಕ್ಕೆ ಇವತ್ತಿನ ಬೆಲೆ ಕಡಿಮೆಯಾದ್ದರಿಂದ ಪೂರ್ತಿ ಹತ್ತು ಸಾವಿರ ಬಿಡಬೇಕಿಲ್ಲ, ಎಲ್ಲವನ್ನೂ ಶೇ. 8ರ ದರದಲ್ಲಿ ಇವತ್ತಿಗೆ ತಂದು ಕೂಡಿದರೆ 6,710 ರೂಪಾಯಿ. ನಲವತ್ತು ವರ್ಷದ ಬಾಂಡ್ ಆದರೆ 11,925 ರೂಪಾಯಿ. ಬಡ್ಡಿ ಏರಿದ್ದು ಮೂರಕ್ಕೂ ಒಂದೇ ಸಮ, ಕೊಟ್ಟ ಸಾಲಗಾರನೂ ಒಬ್ಬನೇ. ಹಳೆಯ ಕಡಿಮೆ ಬಡ್ಡಿಗೆ ಎಷ್ಟು ವರ್ಷ ಕಟ್ಟುಬಿದ್ದಿದ್ದೀರಿ ಎನ್ನುವುದಷ್ಟೇ ವ್ಯತ್ಯಾಸ. ಬಡ್ಡಿ ಇಳಿದರೆ ಇದೇ ಲೆಕ್ಕ ತಿರುಗುಮುರುಗಾಗಿ ದೀರ್ಘಾವಧಿಯವರಿಗೆ ದೊಡ್ಡ ಲಾಭ ತರುತ್ತದೆ.

ಇಲ್ಲೊಂದು ವಿಚಿತ್ರ ಗಮನಿಸಿ. ಅವಧಿ ಹತ್ತರಿಂದ ನಲವತ್ತಕ್ಕೆ, ಅಂದರೆ ನಾಲ್ಕು ಪಟ್ಟಾಯಿತು. ನಷ್ಟ ಮಾತ್ರ ಎರಡು ಪಟ್ಟೂ ಆಗಲಿಲ್ಲ. ಹಾಗಾದರೆ ಬಾಂಡ್ ಎಷ್ಟು ವರ್ಷದ್ದು ಎನ್ನುವುದೊಂದೇ ಅದರ ಅಪಾಯವನ್ನು ಹೇಳಲಾರದು. ಕೆನಡಾ ಮೂಲದ ಅರ್ಥಶಾಸ್ತ್ರಜ್ಞ ಫ್ರೆಡರಿಕ್ ಮೆಕಾಲೆ 1938ರಲ್ಲಿ ಇದಕ್ಕೊಂದು ಉತ್ತಮ ಅಳತೆ ಕೊಟ್ಟರು. ಅದೇ ಡ್ಯುರೇಷನ್.

ಒಂದು ಉದ್ದ ಹಲಗೆಯ ಮೇಲೆ ವರ್ಷಗಳನ್ನು ಗುರುತು ಮಾಡಿ, ಆಯಾ ವರ್ಷ ಬರುವ ಹಣದ ಇವತ್ತಿನ ಬೆಲೆಯಷ್ಟು ತೂಕವನ್ನು ಆಯಾ ಗುರುತಿನ ಮೇಲೆ ಇಟ್ಟರೆ, ಹಲಗೆ ಯಾವ ಗುರುತಿನಲ್ಲಿ ಸಮತೂಕಕ್ಕೆ ನಿಲ್ಲುತ್ತದೋ ಅದು ಆ ಬಾಂಡ್‌ನ ಡ್ಯುರೇಷನ್. ನಮ್ಮ ಹತ್ತು ವರ್ಷದ ಬಾಂಡ್‌ನಲ್ಲಿ ಮೊದಲ ವರ್ಷದ 7,000ಕ್ಕೆ ಇವತ್ತಿನ ತೂಕ 6,542. ಹತ್ತನೇ ವರ್ಷ ಬಡ್ಡಿ, ಅಸಲು ಸೇರಿ ಬರುವ 1,07,000ಕ್ಕೆ ತೂಕ 54,393. ಕೊನೆಯಲ್ಲಿ ಭಾರ ಹೆಚ್ಚು, ಆದರೆ ಮೊದಲ ಒಂಬತ್ತು ವರ್ಷದ ಬಡ್ಡಿಗಳೂ ಇತ್ತ ಎಳೆಯುತ್ತವೆ. ಹಲಗೆ ನಿಲ್ಲುವುದು ಏಳೂವರೆ ವರ್ಷದಲ್ಲಿ. ಇದನ್ನು 1.07ರಿಂದ ಭಾಗಿಸಿದರೆ 7 ಬರುತ್ತದೆ; ಇದಕ್ಕೆ ಮಾಡಿಫೈಡ್ ಡ್ಯುರೇಷನ್ ಎನ್ನುತ್ತಾರೆ. ಮಾರುಕಟ್ಟೆಯ ಬಡ್ಡಿ ಶೇ. 7 ಇದ್ದದ್ದು 8 ಆದರೆ ಬಾಂಡ್‌ನ ಬೆಲೆ ಸುಮಾರು ಶೇ. 7ರಷ್ಟು ಬೀಳುತ್ತದೆ ಎಂಬುದು ಅದರ ಅರ್ಥ. ಮೇಲಿನ 6,710 ರೂಪಾಯಿ ಹೆಚ್ಚುಕಡಿಮೆ ಅಷ್ಟೇ ತಾನೆ.

ಈಗ ನಲವತ್ತು ವರ್ಷದ ಬಾಂಡ್ ನೋಡಿ. ನಲವತ್ತನೇ ವರ್ಷ ಬರುವ ಒಂದು ಲಕ್ಷ ಅಸಲಿಗೆ ಶೇ. 7ರ ಲೆಕ್ಕದಲ್ಲಿ ಇವತ್ತಿನ ಬೆಲೆ ಏಳು ಸಾವಿರವೂ ಇಲ್ಲ. ಮೊದಲ ಹತ್ತು ವರ್ಷದ ಬಡ್ಡಿಯೇ ಒಟ್ಟು ಬೆಲೆಯ ಸುಮಾರು ಅರ್ಧದಷ್ಟಾಗುತ್ತದೆ. ಕಾಗದದ ಮೇಲೆ ನಲವತ್ತು ವರ್ಷವಾದರೂ ತೂಕವೆಲ್ಲ ಹತ್ತಿರದಲ್ಲಿದೆ. ಹೀಗಾಗಿ ಅದರ ಮಾಡಿಫೈಡ್ ಡ್ಯುರೇಷನ್ 13 ಚಿಲ್ಲರೆ. ಭಾರತ ಸರ್ಕಾರ 2023ರ ನವೆಂಬರ್‌ನಲ್ಲಿ ಮೊದಲ ಬಾರಿಗೆ ಶೇ. 7.46 ಬಡ್ಡಿಯ ಐವತ್ತು ವರ್ಷದ ಬಾಂಡ್ ಹೊರಡಿಸಿತು. ಹೊರಟಾಗ ಅದರದ್ದೂ ಸುಮಾರು 13ರಷ್ಟೇ.

ಆಸ್ಟ್ರಿಯಾದ ಪತ್ರದ್ದು? 66. ಬಡ್ಡಿ ಶೇ. 0.88ರಷ್ಟು ಕಡಿಮೆ ಇದ್ದಾಗ ನೂರು ವರ್ಷದ ನಂತರದ ನೂರು ಯೂರೋಗೂ ಇವತ್ತು 41 ಯೂರೋಗಿಂತ ಹೆಚ್ಚಿನ ಬೆಲೆ ಇರುತ್ತದೆ. ಅತ್ತ ವರ್ಷವರ್ಷದ ಬಡ್ಡಿಯೋ ಕಡ್ಡಿಯಷ್ಟು, ಹಲಗೆಯನ್ನು ಇತ್ತ ಎಳೆಯುವ ಶಕ್ತಿಯೇ ಅದಕ್ಕಿಲ್ಲ. ಭಾರವೆಲ್ಲ ದೂರದ ತುದಿಯಲ್ಲಿ. ನನಗೆ ಇಡೀ ಪ್ರಕರಣದಲ್ಲಿ ಮುಖ್ಯವಾಗಿ ಕಾಣುವುದು ಇದೇ. ಬಡ್ಡಿ ಅತಿ ಕೆಳಗಿದ್ದು ಎಲ್ಲರಿಗೂ ‘ಇದು ಹೀಗೇ ಇರುತ್ತದೆ’ ಎನಿಸುವ ಕಾಲದಲ್ಲಿ ಹುಟ್ಟಿದ ದೀರ್ಘಾವಧಿ ಬಾಂಡ್‌ಗಳೇ ಎಲ್ಲಕ್ಕಿಂತ ಹೆಚ್ಚು ಅಲುಗಾಡುತ್ತವೆ. ಅವಧಿಯ ಉದ್ದ ಒಂದು ಕಾರಣವಾದರೆ, ಕೊಡುವ ಬಡ್ಡಿ ತೀರಾ ಸಣ್ಣದಾಗಿರುವುದು ಅಷ್ಟೇ ದೊಡ್ಡ ಕಾರಣ.

ಡ್ಯುರೇಷನ್ 66 ಎಂದರೆ ಬಡ್ಡಿ ಶೇ. 0.88ರಿಂದ 1.88ಕ್ಕೆ ಹೋದರೆ ಬೆಲೆ ಶೇ. 66 ಬೀಳಬೇಕು, 2.88ಕ್ಕೆ ಹೋದರೆ ಬೆಲೆಯೇ ಉಳಿಯಬಾರದು. ಹಾಗಾಗುವುದಿಲ್ಲ. ಪೂರ್ತಿ ಲೆಕ್ಕ ಹಾಕಿದರೆ 1.88ಕ್ಕೆ ಬೆಲೆ ಸುಮಾರು 54 ಯೂರೋ, 2.88ಕ್ಕೆ ಸುಮಾರು 34. ಬಡ್ಡಿ ಏರುತ್ತಾ ಹೋದಂತೆ ದೂರದ ತೂಕ ಕಡಿಮೆಯಾಗಿ ಡ್ಯುರೇಷನ್ನೇ ಕುಗ್ಗುತ್ತದೆ, ಆಮೇಲಿನ ಒಂದೊಂದು ಏರಿಕೆಗೂ ಪೆಟ್ಟು ಸಣ್ಣದಾಗುತ್ತದೆ. ಈ ಬಾಗುವಿಕೆಗೆ ಕಾನ್ವೆಕ್ಸಿಟಿ ಎಂದು ಹೆಸರು. ಆದ್ದರಿಂದ ಡ್ಯುರೇಷನ್ ಸಣ್ಣ ಬದಲಾವಣೆಗೆ ಒಳ್ಳೆಯ ಅಂದಾಜು, ದೊಡ್ಡ ಬದಲಾವಣೆಗೆ ಬರೀ ದಿಕ್ಸೂಚಿ.

ಬಾಂಡ್ ನೇರವಾಗಿ ಕೊಳ್ಳದವರಿಗೂ ಈ ಅಂಕಿ ಬೇಕಾಗುತ್ತದೆ. ಸಾಲಪತ್ರಗಳಲ್ಲಿ ಹಣ ಹಾಕುವ ಮ್ಯೂಚುವಲ್ ಫಂಡ್‌ಗಳು ತಿಂಗಳಿಗೊಮ್ಮೆ ಹೊರಡಿಸುವ ಫ್ಯಾಕ್ಟ್‌ಶೀಟ್ ತೆಗೆದು ನೋಡಿ. ಕಳೆದ ವರ್ಷದ ಗಳಿಕೆಯ ಪಟ್ಟಿಯನ್ನು ದಾಟಿ ಮುಂದೆ ಹೋದರೆ ಮಾಡಿಫೈಡ್ ಡ್ಯುರೇಷನ್ ಎಂಬ ಒಂದು ಸಾಲು ಸಿಗುತ್ತದೆ. ಎದುರಿಗೆ 0.5 ಎಂದಿದ್ದರೆ ಬಡ್ಡಿ ಶೇ. 7ರಿಂದ 8ಕ್ಕೆ ಏರಿದಾಗ ನೂರಕ್ಕೆ ಅರ್ಧ ರೂಪಾಯಿ ಹೋಗುತ್ತದೆ. 10 ಎಂದಿದ್ದರೆ ಹತ್ತು ರೂಪಾಯಿಯಷ್ಟು ಹೋಗುತ್ತದೆ, ಅದು ಒಂದೂವರೆ ವರ್ಷದ ಬಡ್ಡಿಗೆ ಸಮ. ಗಿಲ್ಟ್ ಫಂಡ್ ಬಹುಪಾಲು ಸರ್ಕಾರಿ ಪತ್ರಗಳನ್ನೇ ಇಟ್ಟುಕೊಳ್ಳುವುದರಿಂದ ಹಣ ಮುಳುಗುವ ಭಯ ಇಲ್ಲವೆಂದೇ ಹೇಳಬಹುದು, ಆದರೆ ಅದರ ಡ್ಯುರೇಷನ್‌ಗೆ ಮಿತಿಯಿಲ್ಲ. ನಿರ್ವಾಹಕರು ಏರಿಸಬಹುದು, ಇಳಿಸಬಹುದು. ಬಡ್ಡಿ ಇಳಿದ ವರ್ಷದ ಗಳಿಕೆ ನೋಡಿ ಬ್ಯಾಂಕ್ ಠೇವಣಿ ಮುರಿದು ಇಂಥ ಫಂಡ್ ಸೇರುವವರು ಆ ಒಂದು ಸಾಲನ್ನು ಓದದೆ ಸಹಿ ಹಾಕಬಾರದು.

ರಿಸರ್ವ್ ಬ್ಯಾಂಕು ರೆಪೊ ದರ ಇಳಿಸಿತು, ಇನ್ನು ದೀರ್ಘಾವಧಿ ಬಾಂಡ್ ಏರಲೇಬೇಕು ಎಂಬ ತರ್ಕವೂ ಎಷ್ಟೋ ಸಲ ಕೈಕೊಡುತ್ತದೆ. ರೆಪೊ ಒಂದು ರಾತ್ರಿಯಿಂದ ಕೆಲವು ದಿನದವರೆಗಿನ ಸಾಲದ ದರ. ಮೂವತ್ತು ವರ್ಷದ ಬಾಂಡ್‌ನ ದರವನ್ನು ಮುಂದಿನ ಹಣದುಬ್ಬರದ ಅಂದಾಜು, ಸರ್ಕಾರ ಎಷ್ಟು ಸಾಲ ಮಾಡಲಿದೆ, ಕೊಳ್ಳುವವರು ಎಷ್ಟಿದ್ದಾರೆ ಎಂಬ ಲೆಕ್ಕಾಚಾರಗಳು ತೀರ್ಮಾನಿಸುತ್ತವೆ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ರೆಪೊವನ್ನು ಒಮ್ಮೆಗೇ ಶೇ. 6ರಿಂದ 5.5ಕ್ಕೆ ತಂದು, ಜೊತೆಗೆ ತನ್ನ ನಿಲುವನ್ನು ತಟಸ್ಥಕ್ಕೆ ಬದಲಿಸಿತು. ಇನ್ನು ಇಳಿಕೆಗೆ ಹೆಚ್ಚು ಅವಕಾಶವಿಲ್ಲ ಎಂದು ಮಾರುಕಟ್ಟೆ ಅದನ್ನು ಅರ್ಥಮಾಡಿಕೊಂಡಿತು. ಮುಂದಿನ ವಾರಗಳಲ್ಲಿ ದೀರ್ಘಾವಧಿ ಬಾಂಡ್‌ಗಳ ದರ ಇಳಿಯುವ ಬದಲು ಏರಿತು, ಬೆಲೆ ಬಿತ್ತು. ಡ್ಯುರೇಷನ್ ಹೇಳುವುದು ಆ ಬಾಂಡ್‌ನದೇ ದರ ಬದಲಾದರೆ ಏನಾಗುತ್ತದೆ ಎಂಬುದನ್ನು; ದರ ಎತ್ತ ಹೋಗುತ್ತದೆ ಎಂಬುದನ್ನಲ್ಲ.

‘ಮಾರದೆ ಅವಧಿ ಮುಗಿಯುವವರೆಗೆ ಇಟ್ಟುಕೊಂಡರೆ ನಷ್ಟವೇ ಇಲ್ಲವಲ್ಲ?’ ಎಂದು ಕೇಳುವವರಿದ್ದಾರೆ. ಬೆಲೆ ಬಿದ್ದದ್ದು ಅವರಿಗೆ ಕಾಣಿಸುವುದಿಲ್ಲ ನಿಜ, ಆದರೆ ವರ್ಷಕ್ಕೆ ಸಾವಿರದ ಖೋತಾ ಅವಧಿಯುದ್ದಕ್ಕೂ ನಡೆದೇ ಇರುತ್ತದೆ. ಆದರೆ ಅದನ್ನು ತುಂಬಿಕೊಡುವ ಇನ್ನೊಂದು ದಾರಿಯೂ ಇದೆ: ಕೈಗೆ ಬಂದ ಬಡ್ಡಿಯನ್ನು ಈಗ ಶೇ. 8ಕ್ಕೆ ಹಾಕಬಹುದು. ಬೆಲೆಯ ನಷ್ಟವೂ ಬಡ್ಡಿಯ ಮೇಲಿನ ಬಡ್ಡಿಯ ಲಾಭವೂ ಒಂದನ್ನೊಂದು ಸರಿದೂಗಿಸುವ ಒಂದು ದಿನ ಬರುತ್ತದೆ. ಅದು ಮೆಕಾಲೆಯ ಡ್ಯುರೇಷನ್ ದಿನವೇ. ನಮ್ಮ ಹತ್ತು ವರ್ಷದ ಬಾಂಡನ್ನು ಏಳೂವರೆ ವರ್ಷ ಇಟ್ಟುಕೊಂಡು ಮಾರಿದರೆ, ದರ 7ರಲ್ಲೇ ನಿಂತಿದ್ದರೂ ಕೊಂಡ ಮರುದಿನ 8ಕ್ಕೆ ಏರಿ ನಿಂತಿದ್ದರೂ ಕೈಗೆ ಸೇರುವ ಒಟ್ಟು ಮೊತ್ತ ಸುಮಾರು 1,66,100 ರೂಪಾಯಿ. ಎರಡರ ನಡುವಿನ ವ್ಯತ್ಯಾಸ ನೂರು ರೂಪಾಯಿಯೂ ಇಲ್ಲ.

ಮಗಳ ಓದಿಗೆ ಏಳೆಂಟು ವರ್ಷದ ನಂತರ ಬೇಕಾದ ಹಣಕ್ಕೆ ಅದೇ ಡ್ಯುರೇಷನ್‌ನ ಬಾಂಡ್ ಹೊಂದುತ್ತದೆ. ಮುಂದಿನ ವರ್ಷದ ಫೀಸಿಗೆ ಹೊಂದುವುದಿಲ್ಲ. ಐವತ್ತು ವರ್ಷದ ಬಾಂಡನ್ನು ವಿಮಾ ಕಂಪನಿಗಳು, ಪಿಂಚಣಿ ನಿಧಿಗಳು ಬಯಸಿ ಕೊಳ್ಳುವುದೂ ಇದಕ್ಕಾಗಿಯೇ, ಅವು ಹಣ ಕೊಡಬೇಕಾದ ದಿನ ಬಲು ದೂರದಲ್ಲಿರುತ್ತದೆ. ಆದರೆ ಒಮ್ಮೆ ಹೊಂದಿಸಿ ಮರೆತುಬಿಡುವಂತಿಲ್ಲ. ಒಂದು ವರ್ಷ ಕಳೆದರೆ ಓದಿನ ದಿನ ಪೂರ್ತಿ ಒಂದು ವರ್ಷ ಹತ್ತಿರವಾಗುತ್ತದೆ, ಬಾಂಡ್‌ನ ಡ್ಯುರೇಷನ್ ಅಷ್ಟು ಬೇಗ ಇಳಿಯುವುದಿಲ್ಲ. ದರಗಳು ಬದಲಾದಾಗಲೂ ಅದು ಜರುಗುತ್ತದೆ. ಆಗಾಗ ಒಂದಿಷ್ಟು ಉದ್ದದ ಬಾಂಡ್ ಮಾರಿ ಗಿಡ್ಡದ್ದನ್ನು ಕೊಂಡು ಎರಡನ್ನೂ ಮತ್ತೆ ಸರಿಗೂಡಿಸಬೇಕು. ದೊಡ್ಡ ನಿಧಿಗಳಲ್ಲಿ ಆ ಕೆಲಸಕ್ಕೆಂದೇ ಜನರಿರುತ್ತಾರೆ.