ಹಣ ಖಾತೆಗೆ ಬಂದಿದೆಯೇ? ಕಿರಾಣಿ ಅಂಗಡಿಯ ಒಡತಿಯೊಬ್ಬರ ಕಥೆ

ಯುಪಿಐ ಮೂಲಕ ಹಣ ಸ್ವೀಕರಿಸುವ ಸಣ್ಣ ವ್ಯಾಪಾರಿಗಳು, ಗ್ರಾಹಕರು ತಮ್ಮ ಮೊಬೈಲ್‌ನಲ್ಲಿ ತೋರಿಸುವ ಚಿತ್ರವನ್ನೇ ರಶೀದಿಯೆಂದು ನಂಬಿ ನಷ್ಟಕ್ಕೆ ಒಳಗಾಗುವುದುಂಟು. ಹಣ ಜಮೆಯಾಗಿರುವುದನ್ನು ಖಚಿತಪಡಿಸಿಕೊಳ್ಳುವ ಕ್ರಮವನ್ನು ಸಾರ್ವಜನಿಕರಿಗೆ ತಿಳಿಸುವ ಸಲುವಾಗಿ ಈ ಕೆಳಗಿನ ಕಥೆಯನ್ನು ನೀಡಲಾಗಿದೆ. ಕಥೆಯಲ್ಲಿ ಬರುವ ವ್ಯಕ್ತಿಗಳು ಕಾಲ್ಪನಿಕರು; ಇದರಲ್ಲಿ ತಿಳಿಸಿರುವ ನಿಯಮಗಳು ಮತ್ತು ವಿಧಾನಗಳು ವಾಸ್ತವವಾದವು.

ಸಂತೆಯ ದಿನದ ಸಂಜೆ

ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಮಧ್ಯವಯಸ್ಸಿನ ಮಹಿಳೆಯೊಬ್ಬರು ಕಿರಾಣಿ ಅಂಗಡಿ ನಡೆಸುತ್ತಿದ್ದರು. ಬ್ಯಾಂಕ್ ಖಾತೆ ಅವರ ಹೆಸರಿನಲ್ಲಿಯೇ ಇತ್ತು. ಆದರೆ ಖಾತೆಗೆ ನೋಂದಾಯಿಸಿದ್ದ ಮೊಬೈಲ್ ಸಂಖ್ಯೆ ಬೆಂಗಳೂರಿನಲ್ಲಿ ಓದುತ್ತಿದ್ದ ಮಗನದು. ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿಕೊಟ್ಟವನೂ ಅವನೇ. ಹಣ ಬಂದಾಗ ಬ್ಯಾಂಕಿನ ಸಂದೇಶ ಮಗನ ಫೋನಿಗೆ ಹೋಗುತ್ತಿತ್ತು. ರಾತ್ರಿ ಆತ ಕರೆಮಾಡಿ ದಿನದ ಮೊತ್ತವನ್ನು ತಿಳಿಸುತ್ತಿದ್ದನು.

ಒಂದು ಸಂತೆಯ ದಿನ ಸಂಜೆ ಏಳೂವರೆಯ ಸುಮಾರಿಗೆ ಅಂಗಡಿಯಲ್ಲಿ ಜನಸಂದಣಿಯಿತ್ತು. ಅಪರಿಚಿತ ಯುವಕನೊಬ್ಬ 25 ಕೆಜಿ ಅಕ್ಕಿ ಮೂಟೆ, 5 ಲೀಟರ್ ಅಡುಗೆ ಎಣ್ಣೆ ಮತ್ತು 2 ಕೆಜಿ ತೊಗರಿಬೇಳೆ ಕೊಂಡನು. ಒಟ್ಟು 2,420 ರೂಪಾಯಿ. ಆತ ಕೋಡ್ ಸ್ಕ್ಯಾನ್ ಮಾಡಿದಂತೆ ಮಾಡಿ, ಫೋನನ್ನು ಮುಂದಕ್ಕೆ ಹಿಡಿದು, "ಅಕ್ಕಾ, ಹಣ ಹೋಯ್ತು ನೋಡಿ. ನೆಟ್‌ವರ್ಕ್ ಸರಿಯಿಲ್ಲ, ನಿಮಗೆ ಮೆಸೇಜು ತಡವಾಗಿ ಬರುತ್ತೆ" ಎಂದನು. ಪರದೆಯ ಮೇಲೆ ಹಸಿರು ಗುರುತು, ಒಡತಿಯ ಹೆಸರು, ಮೊತ್ತ, ವೇಳೆ ಹಾಗೂ 12 ಅಂಕಿಗಳ ವ್ಯವಹಾರ ಸಂಖ್ಯೆ, ಎಲ್ಲವೂ ಇದ್ದವು. ಒಡತಿ ಕೇಳಿದ್ದರಿಂದ ಆತ ಅದೇ ಚಿತ್ರವನ್ನು ಅವರ ವಾಟ್ಸಾಪ್‌ಗೂ ಕಳುಹಿಸಿ, ಸಾಮಾನಿನೊಂದಿಗೆ ಹೊರಟುಹೋದನು.

ಆ ರಾತ್ರಿ ಮಗ ಹೇಳಿದ ಮೊತ್ತಕ್ಕೂ ಅಂಗಡಿಯ ಪುಸ್ತಕದ ಮೊತ್ತಕ್ಕೂ ಸರಿಯಾಗಿ 2,420 ರೂಪಾಯಿ ವ್ಯತ್ಯಾಸ ಬಂದಿತು. ಅಂಗಡಿಯ ಎರಡು ಮೂರು ದಿನಗಳ ಲಾಭವೇ ಅಷ್ಟು.

ಬ್ಯಾಂಕಿನಲ್ಲಿ ತಿಳಿದುಬಂದದ್ದು

ಮರುದಿನ ಅವರು ಶಾಖೆಗೆ ಹೋಗಿ ಚಿತ್ರವನ್ನು ತೋರಿಸಿದರು. ಅಧಿಕಾರಿಯು ಖಾತೆಯ ವಿವರಪಟ್ಟಿಯಲ್ಲಿ ಆ 12 ಅಂಕಿಗಳ ಸಂಖ್ಯೆಯನ್ನು ಹುಡುಕಿದರು. ಆ ಸಂಖ್ಯೆಯಾಗಲಿ, ಆ ಮೊತ್ತವಾಗಲಿ ಅಲ್ಲಿರಲಿಲ್ಲ.

"ನೋಡಿಯಮ್ಮಾ, ಈ ಚಿತ್ರ ಅವರ ಫೋನಿನಲ್ಲಿ ಏನು ಕಾಣಿಸಿತು ಎಂಬುದನ್ನಷ್ಟೇ ಹೇಳುತ್ತದೆ. ನಿಮ್ಮ ಖಾತೆಗೆ ಏನು ಬಂತು ಎಂಬುದನ್ನು ಹೇಳುವುದಿಲ್ಲ" ಎಂದು ಅಧಿಕಾರಿ ವಿವರಿಸಿದರು. ಹೆಸರು ಮತ್ತು ಮೊತ್ತ ತುಂಬಿದರೆ ಪಾವತಿಯ ಪರದೆಯಂತೆಯೇ ಕಾಣುವ ಚಿತ್ರವನ್ನು ಸಿದ್ಧಪಡಿಸುವ ನಕಲಿ ಆಪ್‌ಗಳಿವೆ. ಹಳೆಯ ಪಾವತಿಯೊಂದರ ಚಿತ್ರದಲ್ಲಿ ದಿನಾಂಕವನ್ನು ತಿದ್ದಿ ತೋರಿಸುವವರೂ ಇದ್ದಾರೆ. ಅಕ್ಷರದ ಆಕಾರ, ಬಣ್ಣಗಳನ್ನು ನೋಡಿ ನಕಲಿಯನ್ನು ಪತ್ತೆ ಮಾಡಲು ಸಾಧ್ಯವಿಲ್ಲವಾದುದರಿಂದ ಆ ಪ್ರಯತ್ನವನ್ನೇ ಕೈಬಿಡತಕ್ಕದ್ದು.

ಹಣವನ್ನು ಹಿಂತಿರುಗಿಸಲು ಬ್ಯಾಂಕಿಗೆ ಸಾಧ್ಯವಾಗಲಿಲ್ಲ. ಯಾವ ವ್ಯವಹಾರವೂ ನಡೆಯದೇ ಇದ್ದಾಗ ತಡೆಹಿಡಿಯಲು ಅಥವಾ ಮರಳಿಸಲು ಹಣವೇ ಇರುವುದಿಲ್ಲ. ಹೋದದ್ದು ಸಾಮಾನು, ಆದುದರಿಂದ ಇದು ವಂಚನೆಯ ಪ್ರಕರಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ ಕಲಂ 318 ವಂಚನೆಗೆ ಸಂಬಂಧಿಸಿದ್ದಾಗಿದೆ. ಒಡತಿಯು ವಾಟ್ಸಾಪ್ ಚಿತ್ರ, ಅದನ್ನು ಕಳುಹಿಸಿದ ಸಂಖ್ಯೆ, ಸಾಮಾನಿನ ಪಟ್ಟಿ ಮತ್ತು ಖಾತೆಯ ವಿವರಪಟ್ಟಿಯೊಂದಿಗೆ ಪೊಲೀಸ್ ಠಾಣೆಗೆ ದೂರು ಸಲ್ಲಿಸಿದರು.

ಖಚಿತಪಡಿಸಿಕೊಳ್ಳುವ ಕ್ರಮ

ಅದೇ ದಿನ ಅವರು ಗುರುತಿನ ದಾಖಲೆಯೊಂದಿಗೆ ಅರ್ಜಿ ನೀಡಿ, ಖಾತೆಗೆ ತಮ್ಮ ಸ್ವಂತ ಮೊಬೈಲ್ ಸಂಖ್ಯೆಯನ್ನು ನೋಂದಾಯಿಸಿಕೊಂಡರು. ಅಂಗಡಿಯಲ್ಲಿ ಕುಳಿತವರ ಕೈಯಲ್ಲಿಯೇ ಖಾತೆಯ ಮಾಹಿತಿ ಇರಬೇಕೆಂಬುದು ಇದರ ಉದ್ದೇಶ. ನಂತರ ಅವರು ರೂಢಿಸಿಕೊಂಡ ಕ್ರಮ ಹೀಗಿತ್ತು:

1. ಗ್ರಾಹಕರ ಫೋನನ್ನು ನೋಡುವ ಬದಲು ತಮ್ಮ ಫೋನಿನ ಆಪ್‌ನಲ್ಲಿರುವ ವ್ಯವಹಾರಗಳ ಪಟ್ಟಿಯನ್ನು ತೆರೆದು, ಮೊತ್ತ ಮತ್ತು ವೇಳೆಯನ್ನು ನೋಡುವುದು. ಕೆಲವು ವ್ಯಾಪಾರಿ ಕ್ಯೂಆರ್ ಕೋಡ್‌ಗಳ ಹಣವು ಒಟ್ಟಾಗಿ ನಂತರ ಬ್ಯಾಂಕ್ ಖಾತೆಗೆ ಸೇರುವುದರಿಂದ, ಅಂತಹವರು ವ್ಯಾಪಾರಿ ಆಪ್‌ನ ಪಟ್ಟಿಯನ್ನೇ ನೋಡತಕ್ಕದ್ದು.

2. ಎಸ್‌ಎಂಎಸ್ ಒಂದನ್ನೇ ನೆಚ್ಚದಿರುವುದು. ಸಾಮಾನ್ಯ ಹತ್ತು ಅಂಕಿಗಳ ಮೊಬೈಲ್ ಸಂಖ್ಯೆಯಿಂದಲೂ "ಹಣ ಜಮೆಯಾಗಿದೆ" ಎಂದು ಸುಳ್ಳು ಸಂದೇಶ ಕಳುಹಿಸಬಹುದು. ಸಂಶಯವಿದ್ದಲ್ಲಿ ಖಾತೆಯ ಶಿಲ್ಕನ್ನು ನೋಡುವುದು.

3. ಧ್ವನಿ ಪೆಟ್ಟಿಗೆಯನ್ನು ಅದರ ಮಿತಿಯೊಳಗೆ ಬಳಸುವುದು. ಅದು ತನ್ನ ಕ್ಯೂಆರ್ ಕೋಡ್‌ಗೆ ಬಂದ ಹಣವನ್ನು ಮಾತ್ರ ಸಾರುತ್ತದೆ. ಚಾರ್ಜ್ ಅಥವಾ ನೆಟ್‌ವರ್ಕ್ ಇಲ್ಲದಿದ್ದರೆ ಮೌನವಾಗಿರುತ್ತದೆ.

4. ಹಣ ಪಡೆಯಲು ಯುಪಿಐ ಪಿನ್ ನಮೂದಿಸದಿರುವುದು. ಪಿನ್ ಬೇಕಾಗುವುದು ಹಣ ಕಳುಹಿಸಲು ಅಥವಾ ಸ್ವಂತ ಶಿಲ್ಕನ್ನು ನೋಡಲು ಮಾತ್ರ.

ಪ್ರಾಮಾಣಿಕ ಗ್ರಾಹಕರ ಹಣವೂ ಬಾರದಿದ್ದಾಗ

ತಿಂಗಳ ನಂತರ ಊರಿನ ಶಾಲೆಯ ಉಪಾಧ್ಯಾಯರೊಬ್ಬರು 480 ರೂಪಾಯಿಯ ಸಾಮಾನು ಕೊಂಡು ಹಣ ಕಳುಹಿಸಿದರು. ಅವರ ಖಾತೆಯಿಂದ ಹಣ ಕಡಿತವಾದ ಸಂದೇಶ ಬಂದಿತು. ಧ್ವನಿ ಪೆಟ್ಟಿಗೆ ಮಾತನಾಡಲಿಲ್ಲ. ಒಡತಿಯ ಪಟ್ಟಿಯಲ್ಲಿಯೂ ಜಮೆ ಇರಲಿಲ್ಲ.

"ಮೇಷ್ಟ್ರೇ, ನಿಮ್ಮ ಮೇಲೆ ಅನುಮಾನವಿಲ್ಲ. ಆದರೆ ನನ್ನ ಖಾತೆಗೆ ಬಂದಿಲ್ಲ" ಎಂದು ಒಡತಿ ಹೇಳಿದರು. ಉಪಾಧ್ಯಾಯರು ತಮ್ಮ ಆಪ್‌ನ ಪಟ್ಟಿಯನ್ನು ತೆರೆದಾಗ ಆ ವ್ಯವಹಾರದ ಮುಂದೆ "ಬಾಕಿ ಇದೆ" ಎಂದು ಕಂಡಿತು. ಗ್ರಾಹಕರ ಖಾತೆಯಿಂದ ಹಣ ಹೊರಟರೂ ಮಧ್ಯದಲ್ಲಿ ತಾಂತ್ರಿಕ ಕಾರಣದಿಂದ ವ್ಯಾಪಾರಿಗೆ ತಲುಪದೇ ಇರುವುದು ಸಾಧ್ಯ. ಭಾರತೀಯ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯಂತೆ, ವ್ಯಾಪಾರಿಗೆ ಮಾಡಿದ ಇಂತಹ ಯುಪಿಐ ಪಾವತಿಯು ವ್ಯವಹಾರದ ದಿನದಿಂದ 5 ದಿನಗಳೊಳಗೆ ಗ್ರಾಹಕರ ಖಾತೆಗೆ ತಾನಾಗಿ ಹಿಂತಿರುಗಬೇಕು. ವಿಳಂಬವಾದಲ್ಲಿ ದಿನವೊಂದಕ್ಕೆ 100 ರೂಪಾಯಿ ಪರಿಹಾರವನ್ನು ಗ್ರಾಹಕರಿಗೆ ನೀಡಬೇಕಾಗುತ್ತದೆ.

ಪರಿಚಿತರಾದುದರಿಂದ ಒಡತಿಯು 480 ರೂಪಾಯಿಯನ್ನು ಉದ್ರಿ ಪುಸ್ತಕದಲ್ಲಿ ಬರೆದು, ಪಕ್ಕದಲ್ಲಿ 12 ಅಂಕಿಗಳ ಸಂಖ್ಯೆಯನ್ನೂ ಗುರುತು ಹಾಕಿಕೊಂಡು ಸಾಮಾನು ಕೊಟ್ಟರು. ಮೂರನೆಯ ದಿನ ಹಣ ಉಪಾಧ್ಯಾಯರ ಖಾತೆಗೆ ಮರಳಿತು. ಅಂದೇ ಅವರು ಬಂದು ನಗದಾಗಿ ಪಾವತಿಸಿದರು. ಅಪರಿಚಿತರಾಗಿದ್ದಲ್ಲಿ, ಜಮೆಯಾಗುವವರೆಗೆ ಸಾಮಾನನ್ನು ತೆಗೆದಿರಿಸುವುದು ಅಥವಾ ನಗದು ಕೇಳುವುದು ಸೂಕ್ತ.

ಸಂತೆಯ ಯುವಕನ ಪತ್ತೆ ಇನ್ನೂ ಆಗಿಲ್ಲ. ಆದರೆ ಕಳ್ಳನನ್ನು ತಡೆಯಲು ಕಲಿತ ಕ್ರಮವೇ ಪ್ರಾಮಾಣಿಕ ಗ್ರಾಹಕರೊಬ್ಬರ ಮೇಲೆ ತಪ್ಪು ಆಪಾದನೆ ಬಾರದಂತೆಯೂ ಕಾಪಾಡಿತು.

ಸಾರ್ವಜನಿಕರ ಗಮನಕ್ಕೆ

ಪಿನ್ ನಮೂದಿಸಿದ್ದರಿಂದ ಅಥವಾ ಅನ್ಯ ರೀತಿಯಿಂದ ಖಾತೆಯ ಹಣವೇ ವಂಚಕರಿಗೆ ಹೋಗಿದ್ದಲ್ಲಿ, ತಡಮಾಡದೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆಮಾಡುವುದು ಅಥವಾ cybercrime.gov.in ಜಾಲತಾಣದಲ್ಲಿ ದೂರು ದಾಖಲಿಸುವುದು. ಹಣವು ಮುಂದಿನ ಖಾತೆಗಳಿಗೆ ಸಾಗುವ ಮೊದಲು ತಡೆಹಿಡಿಯಲು ಇದರಿಂದ ಅವಕಾಶವಾಗುತ್ತದೆ. ನಕಲಿ ಚಿತ್ರ ತೋರಿಸಿ ಸಾಮಾನು ಒಯ್ದಿದ್ದಲ್ಲಿ, ಸದರಿ ಚಿತ್ರ ಹಾಗೂ ಖಾತೆಯ ವಿವರಪಟ್ಟಿಯೊಂದಿಗೆ ಸಮೀಪದ ಪೊಲೀಸ್ ಠಾಣೆಗೆ ದೂರು ನೀಡಲು ಕೋರಲಾಗಿದೆ.