ಗಿರಣಿಯ ಗಾಲಿ ಎಷ್ಟು ಹೊತ್ತು ದುಡಿದೀತು?

ಅಕ್ಕಲಕೋಟೆ ಸೀಮೆಯ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಹಿಟ್ಟು ಬೀಸುವ ಯಂತ್ರಕ್ಕೆ ಗಿರಣಿ ಎಂಬುದೊಂದೇ ಹೆಸರು. ಅದನ್ನು ನಡೆಸುವ ಹಳೆಯ ಮಾದರಿಯ ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿ ಭಾರವಾದ ಬೀಡುಕಬ್ಬಿಣದ ಗಾಲಿಯೊಂದು ತಿರುಗುತ್ತಿರುತ್ತದೆ. ಅದೇ ಫ್ಲೈವೀಲ್. ಎಂಜಿನ್ ನಿಂತರೂ ಈ ಗಾಲಿ ಗಿರಣಿಯನ್ನು ಬಹುಕಾಲ ನಡೆಸೀತೆಂಬುದು ಭ್ರಮೆ. ಲೆಕ್ಕ ಹಾಕಿ ನೋಡೋಣ.

ಗಾಲಿಯ ತೂಕ 60 ಕಿಲೋ, ತ್ರಿಜ್ಯ 0.3 ಮೀಟರ್, ವೇಗ ನಿಮಿಷಕ್ಕೆ 600 ಸುತ್ತು ಎಂದಿಟ್ಟುಕೊಳ್ಳೋಣ. ತೂಕವೆಲ್ಲ ಅಂಚಿನಲ್ಲಿಯೇ ಇದೆಯೆಂದು ಭಾವಿಸಿದರೆ, ಅಂಚು ಸೆಕೆಂಡಿಗೆ ಸುಮಾರು 18.85 ಮೀಟರ್ ಓಡುತ್ತದೆ. ½mv² ಸೂತ್ರದಂತೆ ಸಂಗ್ರಹವಾದ ಶಕ್ತಿ ಸುಮಾರು 10,660 ಜೂಲ್. ಅದೇ ತೂಕ ಅಂಚಿನಲ್ಲಿರದೆ ಇಡೀ ತಟ್ಟೆಯಲ್ಲಿ ಸಮನಾಗಿ ಹರಡಿದ್ದರೆ ಇದರ ಅರ್ಧ ಮಾತ್ರ.

ಗಿರಣಿಯ ಹೊರೆ 4 ಕಿಲೋವ್ಯಾಟ್ ಆದರೆ ಈ ಶಕ್ತಿ 2.7 ಸೆಕೆಂಡಿನಲ್ಲಿ ಪೂರ್ತಿ ಮುಗಿಯುತ್ತದೆ. ಬೀಸುವಿಕೆ ಕೆಡದಂತೆ ವೇಗವನ್ನು ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿಯಗೊಡದಿದ್ದರೆ ದೊರೆಯುವುದು ಶೇಕಡಾ 36 ಮಾತ್ರ: ಒಂದು ಸೆಕೆಂಡಿಗೂ ತುಸು ಕಡಿಮೆ.

ಹಾಗಾದರೆ ಗಾಲಿ ಏಕೆ? ನಾಲ್ಕು ಹೊಡೆತದ ಒಂಟಿ ಸಿಲಿಂಡರ್ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ, ಅದೂ ಅರ್ಧ ಸುತ್ತು ಮಾತ್ರ ಬಲ ಹುಟ್ಟುತ್ತದೆ. ಉಳಿದ ಒಂದೂವರೆ ಸುತ್ತಿಗೆ 0.15 ಸೆಕೆಂಡು ಬೇಕು. ಆ ಬಿಡುವಿನಲ್ಲಿ ಹೊರೆ ಕೇಳುವ 600 ಜೂಲನ್ನು ಗಾಲಿ ಕೊಡುತ್ತದೆ. ವೇಗ 600ರಿಂದ ಸುಮಾರು 583ಕ್ಕಷ್ಟೇ ಇಳಿಯುತ್ತದೆ.

ವೇಗ ಇಮ್ಮಡಿಸಿದರೆ ಶಕ್ತಿ ನಾಲ್ಕು ಪಟ್ಟಾಗುವುದು ದಿಟ. ಆದರೆ ಅಂಚಿನ ಮೇಲಿನ ಸೆಳೆತವೂ ನಾಲ್ಕು ಪಟ್ಟಾಗಿ, ಬಿರುಕಿದ್ದಲ್ಲಿ ಬೀಡುಕಬ್ಬಿಣ ಸಿಡಿಯಬಹುದು. ಫ್ಲೈವೀಲ್ ಕಣಜವಲ್ಲ; ಎರಡು ಹೊಡೆತಗಳ ನಡುವಿನ ಸೇತುವೆ.