ಒಮ್ಮೆ ಹಾಕಿದ ಟಿಕ್, ಮತ್ತೆ ಕೇಳದ ಕೋಡ್

ಎರಡು ಹಂತದ ಲಾಗಿನ್‌ನಲ್ಲಿ ಪಾಸ್‌ವರ್ಡ್ ಒಂದೇ ಸಾಲದು. ಮೊಬೈಲಿಗೆ ಬಂದ ಒಟಿಪಿಯನ್ನೋ ಆಥೆಂಟಿಕೇಟರ್ ಆ್ಯಪ್ ತೋರಿಸುವ ಆರು ಅಂಕಿಗಳನ್ನೋ ಕೊಡಬೇಕು. ಪಾಸ್‌ವರ್ಡ್ ಕದ್ದವನ ಕೈಯಲ್ಲಿ ಫೋನ್ ಇರುವುದಿಲ್ಲ ಎನ್ನುವುದೇ ಈ ಏರ್ಪಾಡಿನ ಬಲ. ಆದರೆ ಕೋಡ್ ಕೇಳುವ ಅದೇ ಪರದೆಯಲ್ಲಿ ಒಂದು ಪುಟ್ಟ ಚೌಕವೂ ಇರುತ್ತದೆ. ಗೂಗಲ್ ಖಾತೆಯಲ್ಲಿ ಅದರ ಪಕ್ಕ Don't ask again on this device ಎಂದು ಬರೆದಿರುತ್ತದೆ. ಎಷ್ಟೋ ಸಲ ಟಿಕ್ ಮೊದಲೇ ಬಿದ್ದಿರುತ್ತದೆ.

ಹೆಸರು ‘ಸಾಧನ’ವೆಂದಿದ್ದರೂ ಬ್ರೌಸರ್‌ನಲ್ಲಿ ಲಾಗಿನ್ ಆದಾಗ ಸರ್ವರ್ ಸಾಮಾನ್ಯವಾಗಿ ಕಂಪ್ಯೂಟರನ್ನು ಗುರುತಿಟ್ಟುಕೊಳ್ಳುವುದಿಲ್ಲ. ಊಹಿಸಲಾಗದಷ್ಟು ಉದ್ದದ ಒಂದು ಗುರುತನ್ನು ಸೃಷ್ಟಿಸಿ, ಕುಕಿಯಾಗಿ ಆ ಬ್ರೌಸರ್‌ಗೆ ಕೊಡುತ್ತದೆ. ಮುಂದಿನ ಸಲ ಪಾಸ್‌ವರ್ಡ್ ಜೊತೆ ಆ ಕುಕಿಯೂ ಬಂದರೆ ಕೋಡ್ ಕೇಳದೆ ಒಳಗೆ ಬಿಡುತ್ತದೆ. ಅಂದರೆ ಫೋನ್ ಮಾಡುತ್ತಿದ್ದ ಕೆಲಸವನ್ನು ಈಗ ಹಾರ್ಡ್‌ಡಿಸ್ಕಿನಲ್ಲಿರುವ ಒಂದು ಸಣ್ಣ ಕಡತ ಮಾಡುತ್ತದೆ. ಲಾಗ್‌ಔಟ್ ಮಾಡಿದರೆ ಆಗಿನ ಸೆಷನ್ ಮುಗಿಯುತ್ತದೆ, ಈ ಕುಕಿ ಉಳಿಯುತ್ತದೆ. ಹೆಚ್ಚಿನವರು ಎಡವುವುದು ಇಲ್ಲೇ.

ಹಾಲ್‌ಟಿಕೆಟ್ ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋದ ವಿದ್ಯಾರ್ಥಿಯೊಬ್ಬ ಅಲ್ಲಿನ ಕಂಪ್ಯೂಟರ್‌ನಲ್ಲೇ ತನ್ನ ಮೇಲ್ ತೆರೆಯುತ್ತಾನೆ ಎನ್ನೋಣ. ಕೋಡ್ ಒತ್ತುತ್ತಾನೆ, ಚೌಕದ ಟಿಕ್ ತೆಗೆಯುವುದಿಲ್ಲ. ಪಾಸ್‌ವರ್ಡ್ ಉಳಿಸಲೇ ಎಂದು ಬ್ರೌಸರ್ ಕೇಳಿದಾಗ ಅವಸರದಲ್ಲಿ ಹೂಂ ಎನ್ನುತ್ತಾನೆ. ಕೆಲಸ ಮುಗಿದ ಮೇಲೆ ಮರೆಯದೆ ಲಾಗ್‌ಔಟ್ ಮಾಡಿಯೇ ಎದ್ದು ಹೋಗುತ್ತಾನೆ. ಸಂಜೆ ಅದೇ ಕುರ್ಚಿಯಲ್ಲಿ ಕೂತವನಿಗೆ ಲಾಗಿನ್ ಪುಟದಲ್ಲಿ ಮೇಲ್ ವಿಳಾಸ ಕಾಣುತ್ತದೆ. ಪಾಸ್‌ವರ್ಡನ್ನು ಬ್ರೌಸರ್ ತಾನೇ ತುಂಬುತ್ತದೆ, ಕೋಡಿನ ಬೇಡಿಕೆಯನ್ನು ಕುಕಿ ತಡೆಯುತ್ತದೆ. ಎರಡು ಹಂತವೂ ಒಂದೇ ಯಂತ್ರದಲ್ಲಿ ಸೇರಿಕೊಂಡಿದ್ದರಿಂದ ಖಾತೆ ಒಂದು ಕ್ಲಿಕ್ಕಿಗೆ ತೆರೆದುಕೊಳ್ಳುತ್ತದೆ.

ಸ್ವಂತ ಲ್ಯಾಪ್‌ಟಾಪ್‌ಗೆ ಬೇರೆ ಅಪಾಯವಿದೆ. ಪುಕ್ಕಟೆ ಸಾಫ್ಟ್‌ವೇರ್ ಎಂದು ಇಳಿಸಿಕೊಂಡ ಕಡತದಲ್ಲಿ ‘ಇನ್ಫೋಸ್ಟೀಲರ್’ ಎಂಬ ಬಗೆಯ ಕುತಂತ್ರಾಂಶ ಅಡಗಿರಬಹುದು. ಅದು ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನೂ ಕುಕಿಗಳನ್ನೂ ಒಟ್ಟಿಗೇ ಬಾಚಿಕೊಳ್ಳುತ್ತದೆ. ಹೀಗೆ ಕದ್ದ ಮಾಲನ್ನು ಮಾರುತ್ತಿದ್ದ ‘ಜೆನೆಸಿಸ್ ಮಾರ್ಕೆಟ್’ ಎಂಬ ಜಾಲತಾಣವನ್ನು ಹಲವು ದೇಶಗಳ ಪೊಲೀಸರು 2023ರ ಏಪ್ರಿಲ್‌ನಲ್ಲಿ ಮುಚ್ಚಿಸಿದರು. ಆ ಕಾರ್ಯಾಚರಣೆಗೆ ಇಟ್ಟ ಹೆಸರೇ ‘ಕುಕಿ ಮಾನ್‌ಸ್ಟರ್’. ಲಾಗಿನ್ ಆಗಿರುವಾಗಲೇ ಸೆಷನ್ ಕುಕಿ ಕಳವಾದರೆ ಟಿಕ್ ಹಾಕದವರಿಗೂ ಅಪಾಯ ತಪ್ಪಿದ್ದಲ್ಲ, ನಿಜ. ಆದರೆ ಸೆಷನ್ ಮುಗಿದ ಮೇಲೆ ಕದ್ದ ಪಾಸ್‌ವರ್ಡ್ ಅವರ ಖಾತೆಯಲ್ಲಿ ಮತ್ತೆ ಕೋಡಿನ ಮುಂದೆ ನಿಲ್ಲುತ್ತದೆ. ಟಿಕ್ ಹಾಕಿದವರ ಖಾತೆಗೆ ತಿಂಗಳುಗಟ್ಟಲೆ ಆ ತಡೆಯೂ ಇಲ್ಲದೆ ಹೋಗಬಹುದು.

ಹಾಗೆಂದು ಟಿಕ್ ಹಾಕಿದ ಮಾತ್ರಕ್ಕೆ ಎರಡನೇ ಹಂತ ಪೂರ್ತಿ ಹೋಯಿತೆಂದಲ್ಲ. ದೂರದ ಯಾವುದೋ ಊರಿನಿಂದ, ಬೇರೆ ಕಂಪ್ಯೂಟರ್‌ನಲ್ಲಿ ಪಾಸ್‌ವರ್ಡ್ ಹಾಕಿ ನೋಡುವವನಿಗೆ ಆ ಕುಕಿ ಇಲ್ಲದ ಕಾರಣ ಕೋಡ್ ಕೇಳಿಯೇ ಕೇಳುತ್ತದೆ. ಸಾಮಾನ್ಯ ಬಳಕೆದಾರರಿಗೆ ಹೆಚ್ಚಾಗಿ ಎದುರಾಗುವುದು ಇಂಥ ದೂರದ ಪ್ರಯತ್ನವೇ. ದಿನಕ್ಕೆ ಹತ್ತು ಸಲ ಕೋಡ್ ಕೇಳುವುದರಲ್ಲಿ ಬೇರೊಂದು ಕೆಡುಕಿದೆ. ಫೋನಿನಲ್ಲಿ ‘ಇದು ನೀವೇನಾ?’ ಎಂದು ಬಂದಾಗಲೆಲ್ಲ ಜನ ನೋಡದೆ ಹೌದು ಒತ್ತುವ ಚಾಳಿಗೆ ಬೀಳುತ್ತಾರೆ. 2022ರಲ್ಲಿ ಊಬರ್ ಕಂಪನಿಯೊಳಗೆ ದಾಳಿಕೋರ ನುಗ್ಗಿದ್ದೂ ಒಬ್ಬ ಗುತ್ತಿಗೆದಾರನಿಗೆ ಮೇಲಿಂದ ಮೇಲೆ ಇಂಥ ಕೋರಿಕೆ ಕಳಿಸಿ, ಕೊನೆಗೊಮ್ಮೆ ಒಪ್ಪಿಗೆ ಪಡೆದೇ. ಅಪರೂಪಕ್ಕೆ ಬರುವ ಕೋರಿಕೆಯನ್ನಾದರೆ ಜನ ನಿಂತು ಓದುತ್ತಾರೆ.

ಆದ್ದರಿಂದ ಟಿಕ್ ಹಾಕಬಹುದೇ ಎನ್ನುವುದು ಆ ಯಂತ್ರವನ್ನು ಯಾರು ಯಾರು ಮುಟ್ಟುತ್ತಾರೆ ಎಂಬುದರ ಮೇಲೆ ನಿಂತಿದೆ. ಒಬ್ಬರೇ ಬಳಸುವ, ಪಿನ್ ಇಲ್ಲದೆ ತೆರೆಯದ, ಡಿಸ್ಕ್ ಎನ್‌ಕ್ರಿಪ್ಟ್ ಆಗಿರುವ ಲ್ಯಾಪ್‌ಟಾಪಿನಲ್ಲಿ ದಿನಬಳಕೆಯ ಮೇಲ್‌ಗೆ ಟಿಕ್ ಹಾಕಿದರೆ ತಪ್ಪೇನಿಲ್ಲ. ಪಾಸ್‌ವರ್ಡ್ ಅದೇ ಬ್ರೌಸರ್‌ನಲ್ಲಿ ಉಳಿಸಿಲ್ಲವಾದರೆ ಇನ್ನೂ ಒಳ್ಳೆಯದು. ಮನೆಮಂದಿಯೆಲ್ಲ ಒಂದೇ ಲಾಗಿನ್‌ನಲ್ಲಿ ಬಳಸುವ ಕಂಪ್ಯೂಟರ್, ಕಚೇರಿಯಲ್ಲಿ ಪಾಳಿಯವರು ಹಂಚಿಕೊಳ್ಳುವ ಕಂಪ್ಯೂಟರ್, ಅಂಗಡಿಯ ಕಂಪ್ಯೂಟರ್‌ಗಳಲ್ಲಿ ಟಿಕ್ ತೆಗೆಯಲೇಬೇಕು. ಇತರರ ಖಾತೆಗಳನ್ನು ನಿಯಂತ್ರಿಸುವ ಅಡ್ಮಿನ್ ಖಾತೆಗೆ ಸ್ವಂತ ಯಂತ್ರದಲ್ಲೂ ಈ ಸೌಲಭ್ಯ ಬೇಡ. ಹಣ ವರ್ಗಾವಣೆಗೆ ಪ್ರತಿ ಸಲವೂ ಬೇರೆ ಒಟಿಪಿ ಕೇಳುವ ಸೇವೆಯಲ್ಲಿ ಲಾಗಿನ್ ಸಡಿಲವಾದರೂ ನಷ್ಟಕ್ಕೆ ಒಂದು ಮಿತಿ ಇರುತ್ತದೆ.

ಬ್ರೌಸರ್ ಗುರುತಿಟ್ಟುಕೊಂಡಿದೆಯೇ ಎಂದು ತಿಳಿಯಲು ಲಾಗ್‌ಔಟ್ ಮಾಡಿ ಮತ್ತೆ ಲಾಗಿನ್ ಆಗಿ ನೋಡಿದರೆ ಸಾಕು: ಪಾಸ್‌ವರ್ಡ್ ಆದ ಕೂಡಲೇ ಒಳಗೆ ಬಿಟ್ಟರೆ ಕುಕಿ ಇದೆ. ಬ್ರೌಸರ್‌ನ ಕುಕಿ ಅಳಿಸಿದರೆ ಅಲ್ಲಿರುವ ಪ್ರತಿ ಮಾತ್ರ ಹೋಗುತ್ತದೆ. ಕಳ್ಳ ಮಾಡಿಕೊಂಡ ನಕಲು ಸರ್ವರ್ ರದ್ದು ಮಾಡುವವರೆಗೂ ನಡೆಯುತ್ತದೆ. ಹಾಗಾಗಿ ಲ್ಯಾಪ್‌ಟಾಪ್ ಕಳೆದಾಗ ಅಥವಾ ಕುತಂತ್ರಾಂಶದ ಅನುಮಾನ ಬಂದಾಗ ಬೇರೊಂದು ಸಾಧನದಿಂದ ಖಾತೆಯ ಸೆಕ್ಯುರಿಟಿ ವಿಭಾಗ ತೆರೆಯಬೇಕು. ಅಲ್ಲಿ ನಂಬಿಕೆಯ ಸಾಧನಗಳನ್ನೆಲ್ಲ ರದ್ದು ಮಾಡಿ, ತೆರೆದಿರುವ ಸೆಷನ್‌ಗಳನ್ನು ಮುಚ್ಚಿ, ಆಮೇಲೆ ಪಾಸ್‌ವರ್ಡ್ ಬದಲಿಸಬೇಕು.